ಬಾಡಿಗೆ ದಂಡ ಅನ್ನೋರು ಬಡ್ಡಿಯ ಲೆಕ್ಕ ಹೇಳಲ್ಲ

ಬಾಡಿಗೆ ಕಟ್ಟೋದು ದಂಡ, ಅದೇ ದುಡ್ಡಲ್ಲಿ ಇಎಂಐ ಕಟ್ಟಿ ಅಂತಾರೆ ಮನೆಯ ಹಿರಿಯರು. ಬೆಂಗಳೂರಲ್ಲಿ ‘ಅದೇ ದುಡ್ಡು’ ಸಾಲಲ್ಲ. ನಾನೂ ನನ್ನ ಹೆಂಡತಿಯೂ ಸಂಬಳದವರು. ನಮ್ಮಂಥವರು ನೋಡುವ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ 90 ಲಕ್ಷ ಬೆಲೆ, 28 ಸಾವಿರ ಬಾಡಿಗೆ ಅಂದುಕೊಳ್ಳಿ.

ಕೊಂಡರೆ ಮೊದಲಿಗೆ 18 ಲಕ್ಷ ಕೈಯಿಂದ ಹಾಕಬೇಕು. ಮುದ್ರಾಂಕ ಶುಲ್ಕ, ನೋಂದಣಿಗೆ ಸುಮಾರು 7 ಲಕ್ಷ. ನೋಂದಣಿ ಶುಲ್ಕವನ್ನು ರಾಜ್ಯ ಸರ್ಕಾರ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿಸಿದೆ. ಉಳಿದ 72 ಲಕ್ಷ ಸಾಲಕ್ಕೆ ಶೇ 8.5ರ ಬಡ್ಡಿಯಲ್ಲಿ 20 ವರ್ಷ, ತಿಂಗಳಿಗೆ ಸುಮಾರು 62,500 ಕಂತು. ಮೊದಲ ವರ್ಷ ಕಟ್ಟುವ ಏಳೂವರೆ ಲಕ್ಷದಲ್ಲಿ ಆರು ಲಕ್ಷ ಬರೀ ಬಡ್ಡಿ. ವರ್ಷದ ಬಾಡಿಗೆಯೋ 3.36 ಲಕ್ಷ. ಹಾಗಾದ್ರೆ ದಂಡ ಯಾವುದು?

ಬಾಡಿಗೆಯಲ್ಲೇ ಇದ್ದು, ಆ 25 ಲಕ್ಷವನ್ನೂ ತಿಂಗಳ ವ್ಯತ್ಯಾಸವನ್ನೂ ಮ್ಯೂಚುವಲ್ ಫಂಡಿಗೆ ಹಾಕಿದರೆ? ಬಾಡಿಗೆ ವರ್ಷಕ್ಕೆ ಶೇ 5 ಏರಲಿ, ಹೂಡಿಕೆ ಶೇ 10 ಬೆಳೆಯಲಿ. ಹತ್ತು ವರ್ಷಕ್ಕೆ, ತೆರಿಗೆಗೆ ಮೊದಲು, ಕೈಯಲ್ಲಿ ಸುಮಾರು 1.22 ಕೋಟಿ. ಕೊಂಡವರಿಗೆ ಮನೆ ಬೆಲೆ ಶೇ 5 ಏರಿದರೆ, ಬಾಕಿ ಸಾಲ 50 ಲಕ್ಷ ಕಳೆದು 96 ಲಕ್ಷ. ಶೇ 7 ಏರಿದರೆ 1.27 ಕೋಟಿ. ಅಂದರೆ ಮನೆ ಬೆಲೆ ವರ್ಷಕ್ಕೆ ಹತ್ತಿರ ಹತ್ತಿರ ಶೇ 7 ಏರುತ್ತಾ ಅನ್ನೋದೇ ಪ್ರಶ್ನೆ.

ಇದರಲ್ಲೊಂದು ತೂತಿದೆ. ತಿಂಗಳ ವ್ಯತ್ಯಾಸದಲ್ಲಿ ಅರ್ಧ ಟ್ರಿಪ್ಪಿಗೋ ಫೋನಿಗೋ ಹೋದರೆ ನಮ್ಮ 1.22 ಕೋಟಿ 93 ಲಕ್ಷಕ್ಕೆ ಇಳಿಯುತ್ತೆ. ಶೇ 5 ಏರಿದ ಮನೆಯೇ ಗೆಲ್ಲುತ್ತೆ. ಕಂತನ್ನು ಬ್ಯಾಂಕು ಬಿಡಲ್ಲ, ಎಸ್‌ಐಪಿಯನ್ನು ಯಾವತ್ತು ಬೇಕಾದರೂ ನಿಲ್ಲಿಸಬಹುದು. ಅದಕ್ಕೇ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿ. ಆ 34,500 ನಿಜವಾಗಿ ಉಳಿದಿದೆಯಾ?

ತೆರಿಗೆ ಉಳಿಯುತ್ತೆ ಅಂತ ಕೊಳ್ಳುವ ಕಾಲವೂ ಹೋಯ್ತು. ಹೊಸ ತೆರಿಗೆ ಪದ್ಧತಿಯಲ್ಲಿ ನಾವೇ ವಾಸ ಮಾಡುವ ಮನೆಯ ಸಾಲದ ಬಡ್ಡಿಗೆ ವಿನಾಯಿತಿ ಇಲ್ಲ. ಬಾಡಿಗೆದಾರರ ಎಚ್‌ಆರ್‌ಎ ವಿನಾಯಿತಿಯೂ ಇಲ್ಲ.

ಹಾಗಿದ್ದೂ ನಮ್ಮ ವಯಸ್ಸಿನವರು ಸಾಲಕ್ಕೆ ಕುತ್ತಿಗೆ ಕೊಡೋದು ಯಾಕೆ? ಬಾಡಿಗೆ ಕರಾರು 11 ತಿಂಗಳದ್ದು. ವರ್ಷ ಮೀರಿದರೆ ನೋಂದಣಿ ಕಡ್ಡಾಯ ಅಂತಲೇ ಈ ಜಾಣತನ. ಮಗು ಶಾಲೆಗೆ ಸೇರಿದ ಮೇಲೆ ಓನರ್ ‘ಖಾಲಿ ಮಾಡಿ’ ಅಂದರೆ ಯಾವ ಕ್ಯಾಲ್ಕುಲೇಟರೂ ಕೆಲಸಕ್ಕೆ ಬರಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತೆ, ಆದರೆ ಅದು ಬರೀ ಮಾದರಿ. ಐದು ವರ್ಷದ ಭದ್ರ ಕರಾರು ಸಿಕ್ಕರೆ ನಾವು ಬಾಡಿಗೆಯಲ್ಲೇ ಇರ್ತೀವಿ. ಓಟು ಕೇಳಲು ಬರುವವರ ಮುಂದೆ ಇಡಬೇಕಾದ ಬೇಡಿಕೆ ಅದು.