ಎಂಟನ್ನು ನುಂಗಿದ ಫೋಟೋ

ಮೊನ್ನೆ ರಾತ್ರಿ ಹನ್ನೊಂದಕ್ಕೆ ತಂಗಿಯಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಮಾದರಿ ಪರೀಕ್ಷೆಯ ವೆನ್ ಚಿತ್ರ, ಅದರ ಕೆಳಗೆ ಮೂರು ಪ್ರಶ್ನೆ. ಮೂರೂ ತಪ್ಪು. ಒಂದೊಂದು ತಪ್ಪಿಗೆ ಕಾಲು ಅಂಕ ಬೇರೆ ಕಡಿತ. "ಅಕ್ಕಾ, ಸೂತ್ರ ಹಾಕೇ ಮಾಡಿದ್ದೀನಿ. ಭಾನುವಾರ ಪರೀಕ್ಷೆ ಇದೆ ಕಣೇ" ಅಂತ ಅಳುಮೋರೆಯ ಎಮೋಜಿ.

ಚಿತ್ರದಲ್ಲಿ ವೃತ್ತ ಅಂದರೆ ಕಾಫಿ ಕುಡಿಯುವವರು, ತ್ರಿಕೋನ ಟೀ, ಚೌಕ ಹಾಲು. ಕಾಫಿ ಮಾತ್ರ ಇರುವ ಜಾಗದಲ್ಲಿ 13, ಟೀ ಮಾತ್ರ 9, ಹಾಲು ಮಾತ್ರ 6. ಕಾಫಿ-ಟೀ ಸೇರುವಲ್ಲಿ 5, ಟೀ-ಹಾಲು ಸೇರುವಲ್ಲಿ 4, ಕಾಫಿ-ಹಾಲು ಸೇರುವಲ್ಲಿ 3. ಮೂರೂ ಸೇರುವ ನಡುಮಧ್ಯೆ 2.

ಮೊದಲ ಪ್ರಶ್ನೆ: ಕಾಫಿ ಅಥವಾ ಟೀ ಕುಡಿಯುವವರು ಎಷ್ಟು? ಅವಳು 13 + 9 − 5 = 17 ಅಂತ ಬರೆದಿದ್ದಳು. ಸೂತ್ರ ಸರಿಯೇ, ಹಾಕಿದ ಸಂಖ್ಯೆಗಳು ತಪ್ಪು. ಆ ಸೂತ್ರ ಕೇಳುವುದು ಇಡೀ ವೃತ್ತದ ಲೆಕ್ಕ. 13 ಇಡೀ ವೃತ್ತ ಅಲ್ಲ, ಅದರ ಒಂದು ತುಂಡು. ಇಡೀ ವೃತ್ತ 13 + 5 + 3 + 2, ಅಂದರೆ 23. ಹಾಗೇ ಇಡೀ ತ್ರಿಕೋನ 20. ಎರಡಕ್ಕೂ ಸೇರಿದವರು 7. ಸೂತ್ರದಲ್ಲಿ 23 + 20 − 7 = 36. ಆದರೆ ಚಿತ್ರದಲ್ಲಿ ತುಂಡುಗಳನ್ನು ಆಗಲೇ ಬಿಡಿಸಿ ಕೊಟ್ಟಿರುವಾಗ ಕಳೆಯುವ ಕೆಲಸವೇ ಇಲ್ಲ. ವೃತ್ತ, ತ್ರಿಕೋನದೊಳಗಿನ ಆರು ತುಂಡು ಕೂಡಿಸಿದರೂ 36 ಬರುತ್ತೆ.

ಎರಡನೆಯದು: ಕಾಫಿ ಮತ್ತು ಟೀ ಎರಡನ್ನೂ ಕುಡಿಯುವವರು? ಅವಳ ಉತ್ತರ 5. "ಆ 5ರ ಮೇಲೆ ಬೆರಳಿಡು. ಯಾವ ಆಕೃತಿಯ ಒಳಗಿದೆ, ಯಾವುದರ ಹೊರಗಿದೆ?" ಅಂದೆ. "ವೃತ್ತ, ತ್ರಿಕೋನದ ಒಳಗೆ. ಚೌಕದ ಹೊರಗೆ." "ಅಂದ್ರೆ ಹಾಲು ಕುಡಿಯದವರು. ಪ್ರಶ್ನೆಯಲ್ಲಿ ಹಾಲಿನ ಮಾತೇ ಇಲ್ವಲ್ಲ?" ಮೂರನ್ನೂ ಕುಡಿಯುವ ಆ ಇಬ್ಬರೂ ಕಾಫಿ, ಟೀ ಕುಡಿಯುತ್ತಾರೆ. ಹಾಗಾಗಿ ಉತ್ತರ 7. 'ಕಾಫಿ, ಟೀ ಮಾತ್ರ' ಅಂತ ಕೇಳಿದ್ದರೆ 5 ಸರಿ. (ಆಯ್ಕೆಗಳಲ್ಲಿ 5, 7 ಎರಡೂ ಇದ್ದವು. ಪ್ರಶ್ನೆ ಬರೆದವರು ಪುಣ್ಯಾತ್ಮರು!)

ಮೂರನೆಯದರಲ್ಲಿ ನಾನೇ ಬಿದ್ದೆ. ಹಾಲು ಕುಡಿಯದವರು ಎಷ್ಟು? ಚೌಕದ ಹೊರಗಿನ 13, 9, 5 ಕೂಡಿಸಿ 27 ಅಂದೆ. ಅವಳೂ ಅದನ್ನೇ ಬರೆದಿದ್ದಳು. ಆದರೆ ಕೀ ಉತ್ತರ 35. ಕೀ ತಪ್ಪಿರಬೇಕು ಅಂತ ಇಬ್ಬರೂ ಬೈದದ್ದಾಯಿತು. ಆಮೇಲೆ ಪ್ರಶ್ನೆಯ ಮೇಲಿನ ಸಾಲು ಕಂಡಿತು: 'ಒಟ್ಟು 50 ಜನ'. ಚಿತ್ರದ ಏಳೂ ಸಂಖ್ಯೆ ಕೂಡಿಸಿದರೆ 42 ಮಾತ್ರ. ಉಳಿದ ಎಂಟು ಜನ ಎಲ್ಲಿ?

"ಇಡೀ ಪುಟದ ಫೋಟೋ ಕಳಿಸೇ" ಅಂದೆ. ಬಂತು. ಮೂರೂ ಆಕೃತಿಗಳ ಸುತ್ತ ಒಂದು ಆಯತ, ಅದರ ಮೂಲೆಯಲ್ಲಿ ಪುಟ್ಟದಾಗಿ 8. ಏನನ್ನೂ ಕುಡಿಯದವರು, ಅಂದರೆ ಹಾಲನ್ನೂ ಕುಡಿಯದವರು. ನನಗೆ ಕಳಿಸುವಾಗ ಅವಳು ಅಂಚು ಕತ್ತರಿಸಿದ್ದಳು.

"ಪರೀಕ್ಷೆಯಲ್ಲಿ ನಾನು ಕ್ರಾಪ್ ಮಾಡಿರ್ಲಿಲ್ವಲ್ಲ, ಆದ್ರೂ ಕಾಣ್ಲಿಲ್ಲ" ಅಂದಳು. ಐದು ನಿಮಿಷಕ್ಕೆ ಇನ್ನೊಂದು ಚಿತ್ರ ಬಂತು. ಈ ಸಲ ನಾಲ್ಕೂ ಅಂಚು ಕಾಣುತ್ತಿತ್ತು, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಟ್ಟು ಮೊತ್ತ ಬರೆದಿತ್ತು.