ವರ್ಕೌಟ್ ಮುಗಿದ 30 ನಿಮಿಷದೊಳಗೆ ಪ್ರೋಟೀನ್ ಕುಡಿಯದಿದ್ದರೆ ಸ್ನಾಯು ಕರಗುತ್ತದೆಯೇ?

"ಬೊಜ್ಜು ಕರಗಬೇಕೆಂದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ವ್ಯಾಯಾಮ ಮಾಡಿ. ಮುಗಿದ 30 ನಿಮಿಷದೊಳಗೆ ಪ್ರೋಟೀನ್ ತಗೊಳ್ಳಿ. ತಡವಾದರೆ ದೇಹ ತನ್ನ ಸ್ನಾಯುವನ್ನೇ ತಿನ್ನುತ್ತದೆ!" ಜಿಮ್‌ಗೆ ಹೋಗುವವರ ವಾಟ್ಸಾಪ್ ಗುಂಪಿನಲ್ಲಿದ್ದರೆ ಇಂಥ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಇದನ್ನು ನಂಬಿ ಜಿಮ್ ಬಾಗಿಲಲ್ಲೇ ಶೇಕರ್ ಅಲ್ಲಾಡಿಸುವವರಿದ್ದಾರೆ. ಶುಗರ್ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಓಡಲು ಹೋಗುವವರೂ ಇದ್ದಾರೆ. ಮೊದಲನೆಯದರಿಂದ ಹೆಚ್ಚೆಂದರೆ ದುಡ್ಡು ಹೋಗುತ್ತದೆ, ಎರಡನೆಯದರಿಂದ ಪ್ರಾಣಕ್ಕೇ ಅಪಾಯವಾಗಬಹುದು. ಹಾಗಾಗಿ ಎರಡು ಮಾತನ್ನೂ ಬೇರೆ ಬೇರೆಯಾಗಿ ನೋಡೋಣ.

ಖಾಲಿ ಹೊಟ್ಟೆಯಲ್ಲಿ ಹೆಚ್ಚು ಕೊಬ್ಬು ಕರಗುತ್ತದೆಯೇ?

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ರಾತ್ರಿಯೆಲ್ಲ ಉಪವಾಸವಿದ್ದಾಗ ರಕ್ತದಲ್ಲಿ ಇನ್ಸುಲಿನ್ ಕಡಿಮೆ ಇರುತ್ತದೆ. ಆಗ ನಡೆದರೆ ಅಥವಾ ನಿಧಾನವಾಗಿ ಓಡಿದರೆ, ದೇಹ ಉರಿಸುವ ಇಂಧನದಲ್ಲಿ ಕೊಬ್ಬಿನ ಪಾಲು ಹೆಚ್ಚಿರುತ್ತದೆ. ತಿಂಡಿ ತಿಂದು ಹೋದರೆ ಸಕ್ಕರೆಯ ಪಾಲು ಹೆಚ್ಚುತ್ತದೆ. ಇಷ್ಟು ನಿಜ.

ಆದರೆ ಆ ಒಂದು ಗಂಟೆಯ ಲೆಕ್ಕ ಇಡೀ ದಿನದ ಲೆಕ್ಕವಲ್ಲ. 70 ಕೆಜಿ ತೂಕದವರು ಒಂದು ಗಂಟೆ ಚುರುಕಾಗಿ ನಡೆದರೆ ಸುಮಾರು 250 ಕ್ಯಾಲರಿ ಖರ್ಚಾಗುತ್ತದೆ. ತಿಂದು ಹೋದಾಗ ಅದರಲ್ಲಿ 100 ಕ್ಯಾಲರಿ ಕೊಬ್ಬಿನಿಂದಲೂ, ಖಾಲಿ ಹೊಟ್ಟೆಯಲ್ಲಿ 150 ಕ್ಯಾಲರಿ ಕೊಬ್ಬಿನಿಂದಲೂ ಬಂತು ಎಂದುಕೊಳ್ಳಿ. ವ್ಯತ್ಯಾಸ 50 ಕ್ಯಾಲರಿ, ಅಂದರೆ ಐದಾರು ಗ್ರಾಂ ಕೊಬ್ಬು. ಅದೂ ಪೂರ್ತಿ ಲಾಭವಲ್ಲ. ನಡೆಯುವಾಗ ಸಕ್ಕರೆ ಹೆಚ್ಚು ಉರಿದಿದ್ದರೆ ಉಳಿದ ಗಂಟೆಗಳಲ್ಲಿ ದೇಹ ಕೊಬ್ಬಿನ ಕಡೆ ಹೆಚ್ಚು ವಾಲುತ್ತದೆ. ಬೆಳಿಗ್ಗೆ ಯಾವ ಜೇಬಿನಿಂದ ಖರ್ಚು ಮಾಡಿದಿರಿ ಅನ್ನುವುದು ಮುಖ್ಯವಲ್ಲ, ರಾತ್ರಿ ಎರಡೂ ಜೇಬು ಸೇರಿ ಎಷ್ಟು ಉಳಿಯಿತು ಅನ್ನುವುದು ಮುಖ್ಯ.

ಇದನ್ನು ನೇರವಾಗಿ ಪರೀಕ್ಷಿಸಿದವರೂ ಇದ್ದಾರೆ. 2014ರಲ್ಲಿ ಅಮೆರಿಕದ ಸಂಶೋಧಕ ಬ್ರಾಡ್ ಷೋನ್‌ಫೆಲ್ಡ್ ಮತ್ತು ಸಂಗಡಿಗರು 20 ಯುವತಿಯರನ್ನು ಎರಡು ಗುಂಪು ಮಾಡಿದರು. ಇಬ್ಬರಿಗೂ ಕ್ಯಾಲರಿ ಕಡಿತದ ಊಟ, ವಾರಕ್ಕೆ ಮೂರು ದಿನ ಒಂದೊಂದು ಗಂಟೆ ವ್ಯಾಯಾಮ. ಒಂದು ಗುಂಪು ವ್ಯಾಯಾಮಕ್ಕೆ ಮೊದಲು ಶೇಕ್ ಕುಡಿಯಿತು, ಇನ್ನೊಂದು ಖಾಲಿ ಹೊಟ್ಟೆಯಲ್ಲಿ ಮಾಡಿ ಆಮೇಲೆ ಅದೇ ಶೇಕ್ ಕುಡಿಯಿತು. ನಾಲ್ಕು ವಾರದ ನಂತರ ಎರಡೂ ಗುಂಪಿನವರ ತೂಕ, ಕೊಬ್ಬು ಇಳಿದಿತ್ತು. ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇದು ಸಣ್ಣ ಅಧ್ಯಯನವೇ ಸರಿ. ಆದರೆ ಫಾರ್ವರ್ಡ್ ಭರವಸೆ ಕೊಡುವಷ್ಟು ದೊಡ್ಡ ಲಾಭ ಇದ್ದಿದ್ದರೆ ಅದರ ಸುಳಿವಾದರೂ ಕಾಣಬೇಕಿತ್ತು.

30 ನಿಮಿಷದ ಮಾತು ಎಲ್ಲಿಂದ ಬಂತು?

ಇದು ಯಾರೋ ಕೂತು ಕಟ್ಟಿದ ಸುಳ್ಳಲ್ಲ. 2001ರಲ್ಲಿ ಡೆನ್ಮಾರ್ಕ್‌ನಲ್ಲಿ ಒಂದು ಅಧ್ಯಯನ ನಡೆಯಿತು. ಸರಾಸರಿ 74 ವರ್ಷದ 13 ಮಂದಿ ಪುರುಷರು 12 ವಾರ ಭಾರ ಎತ್ತುವ ವ್ಯಾಯಾಮ ಮಾಡಿದರು. ವ್ಯಾಯಾಮ ಮುಗಿದ ಕೂಡಲೇ 10 ಗ್ರಾಂ ಪ್ರೋಟೀನ್ ಇದ್ದ ಪಾನೀಯ ಕುಡಿದವರ ಸ್ನಾಯು ಬೆಳೆಯಿತು, ಎರಡು ಗಂಟೆ ತಡವಾಗಿ ಕುಡಿದವರದ್ದು ಬೆಳೆಯಲಿಲ್ಲ. ಇಂಥ ಫಲಿತಾಂಶಗಳಿಂದ "ಕಿಟಕಿ ಬೇಗ ಮುಚ್ಚಿಬಿಡುತ್ತದೆ" ಎಂಬ ಮಾತು ಹುಟ್ಟಿತು. 13 ಮಂದಿ ವೃದ್ಧರಲ್ಲಿ ಕಂಡದ್ದು 25 ವರ್ಷದವರಿಗೂ ನಿಯಮವಾಯಿತು.

ಆಮೇಲೆ ಬಂದ ಹಲವು ಅಧ್ಯಯನಗಳೂ ಈ ಮಾತನ್ನು ಬೆಂಬಲಿಸಿದಂತೆ ಕಂಡವು. ಆದರೆ ಅವುಗಳಲ್ಲಿ ಒಂದು ಎಡವಟ್ಟಿತ್ತು. ಒಂದು ಗುಂಪಿಗೆ ವ್ಯಾಯಾಮದ ನಂತರ ಪ್ರೋಟೀನ್ ಶೇಕ್, ಇನ್ನೊಂದಕ್ಕೆ ಪ್ರೋಟೀನ್ ಇಲ್ಲದ ಪಾನೀಯ. ಹಾಗಾದಾಗ ಮೊದಲ ಗುಂಪಿಗೆ ಸರಿಯಾದ ಸಮಯಕ್ಕೆ ಪ್ರೋಟೀನ್ ಸಿಕ್ಕಿದ್ದಷ್ಟೇ ಅಲ್ಲ, ದಿನಕ್ಕೆ ಒಟ್ಟು ಪ್ರೋಟೀನ್ ಕೂಡ ಹೆಚ್ಚು ಸಿಕ್ಕಿತು. ಸ್ನಾಯು ಬೆಳೆದದ್ದು ಗಡಿಯಾರದಿಂದಲೋ, ಹೆಚ್ಚುವರಿ ಪ್ರೋಟೀನ್‌ನಿಂದಲೋ?

2013ರಲ್ಲಿ ಷೋನ್‌ಫೆಲ್ಡ್ ತಂಡ ಸ್ನಾಯುವಿನ ಗಾತ್ರ ಅಳೆದ 23 ಅಧ್ಯಯನಗಳನ್ನು ಒಟ್ಟು ಹಾಕಿ ಇದೇ ಪ್ರಶ್ನೆ ಕೇಳಿತು. ದಿನದ ಒಟ್ಟು ಪ್ರೋಟೀನ್‌ನ ವ್ಯತ್ಯಾಸವನ್ನು ಲೆಕ್ಕಕ್ಕೆ ತಂದ ಕೂಡಲೇ ಸಮಯದ ಲಾಭ ಮಾಯವಾಯಿತು. 2017ರಲ್ಲಿ ಅವರೇ ಇನ್ನೊಂದು ಪ್ರಯೋಗ ಮಾಡಿದರು. ಭಾರ ಎತ್ತಿ ಪಳಗಿದ 21 ಪುರುಷರು, 10 ವಾರ. ಕೆಲವರು 25 ಗ್ರಾಂ ಪ್ರೋಟೀನನ್ನು ವ್ಯಾಯಾಮಕ್ಕೆ ಮೊದಲು ಕುಡಿದು, ಮುಗಿದ ಮೇಲೆ ಕನಿಷ್ಠ ಮೂರು ಗಂಟೆ ಏನೂ ತಿನ್ನಲಿಲ್ಲ. ಉಳಿದವರು ಮುಗಿದ ತಕ್ಷಣ ಕುಡಿದರು. ಸ್ನಾಯುವಿನ ಗಾತ್ರ, ಬಲ ಎರಡರಲ್ಲೂ ಫಲಿತಾಂಶ ಹೆಚ್ಚುಕಮ್ಮಿ ಒಂದೇ.

ಕಾರಣ ಸರಳ. ಭಾರ ಎತ್ತಿದ ಸ್ನಾಯು ದುರಸ್ತಿ ಕೆಲಸವನ್ನು ಒಂದು ದಿನ ಅಥವಾ ಅದಕ್ಕೂ ಹೆಚ್ಚು ಹೊತ್ತು ಚುರುಕಾಗಿ ನಡೆಸುತ್ತಲೇ ಇರುತ್ತದೆ. ಅಷ್ಟು ಹೊತ್ತು ಪ್ರೋಟೀನ್ ಬಂದರೆ ಬಳಸಿಕೊಳ್ಳುತ್ತದೆ. ಜೊತೆಗೆ, ಒಂದು ಊಟ ಜೀರ್ಣವಾಗಲು ಹಲವು ಗಂಟೆ ಬೇಕು. ಮಧ್ಯಾಹ್ನದ ಊಟ ಮುಗಿಸಿ ಸಂಜೆ ಜಿಮ್‌ಗೆ ಹೋದವರ ರಕ್ತಕ್ಕೆ ಆ ಊಟದ ಪ್ರೋಟೀನ್ ಇನ್ನೂ ಸೇರುತ್ತಿರಬಹುದು.

ಹಾಗಾದರೆ ಸ್ನಾಯುವನ್ನು ಉಳಿಸುವುದು ಯಾವುದು?

ತೂಕ ಇಳಿಸುವಾಗ ಸ್ನಾಯು ಕರಗುವ ಭಯ ಸುಳ್ಳಲ್ಲ. ಊಟ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗಬಹುದು. ಅದನ್ನು ತಡೆಯುವುದು ಎರಡು: ಭಾರ ಎತ್ತುವ ವ್ಯಾಯಾಮ, ಸಾಕಷ್ಟು ಪ್ರೋಟೀನ್. 2016ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 40 ಯುವಕರ ಊಟದ ಕ್ಯಾಲರಿಯನ್ನು ನಾಲ್ಕು ವಾರ ಬಹಳ ಕಡಿತ ಮಾಡಿ, ಕಠಿಣ ವ್ಯಾಯಾಮ ಮಾಡಿಸಲಾಯಿತು. ದೇಹದ ತೂಕದ ಪ್ರತಿ ಕೆಜಿಗೆ 2.4 ಗ್ರಾಂ ಪ್ರೋಟೀನ್ ತಿಂದವರ ಕೊಬ್ಬು 4.8 ಕೆಜಿ ಇಳಿಯಿತು, ಕೊಬ್ಬಿಲ್ಲದ ದೇಹತೂಕ 1.2 ಕೆಜಿ ಹೆಚ್ಚಿತು. 1.2 ಗ್ರಾಂ ತಿಂದವರ ಕೊಬ್ಬು 3.5 ಕೆಜಿ ಇಳಿಯಿತು, ಉಳಿದ ತೂಕ ಹೆಚ್ಚುಕಮ್ಮಿ ಇದ್ದಷ್ಟೇ ಇತ್ತು. ಎಷ್ಟು ತಿಂದರು ಎಂಬುದರಿಂದ ಇಷ್ಟು ವ್ಯತ್ಯಾಸ.

ಎಲ್ಲರಿಗೂ 2.4 ಗ್ರಾಂ ಬೇಕಿಲ್ಲ. ಭಾರ ಎತ್ತುವವರಿಗೆ ಪ್ರತಿ ಕೆಜಿಗೆ 1.2ರಿಂದ 1.6 ಗ್ರಾಂ ಅನ್ನುವುದು ಒಳ್ಳೆಯ ಗುರಿ. ಇದನ್ನು ನಮ್ಮ ತಟ್ಟೆಗೆ ಹಚ್ಚಿ ನೋಡೋಣ.

70 ಕೆಜಿ ತೂಕದ, ಬೆಳಿಗ್ಗೆ 6ರಿಂದ 7ರವರೆಗೆ ಜಿಮ್ ಮಾಡುವ ಒಬ್ಬರನ್ನು ಊಹಿಸಿಕೊಳ್ಳಿ. ಗುರಿ ದಿನಕ್ಕೆ 84ರಿಂದ 112 ಗ್ರಾಂ. ಬೆಳಿಗ್ಗೆ ಮೂರು ಇಡ್ಲಿ, ಸಾಂಬಾರ್: ಸುಮಾರು 10 ಗ್ರಾಂ. ಮಧ್ಯಾಹ್ನ ಅನ್ನ, ಸಾರು, ಪಲ್ಯ, ಒಂದು ಬಟ್ಟಲು ಮೊಸರು: 16 ಗ್ರಾಂ. ಎರಡು ಹೊತ್ತಿನ ಕಾಫಿ, ಜೊತೆಗೆ ಏನಾದರೂ ಕುರುಕಲು: 8 ಗ್ರಾಂ. ರಾತ್ರಿ ಮುದ್ದೆ, ಬೇಳೆ ಸಾರು: 14 ಗ್ರಾಂ. ಒಟ್ಟು 48. ಅಂದರೆ ಇವರಿಗೆ ಕೊರತೆ ಇರುವುದು ನಿಮಿಷದಲ್ಲಲ್ಲ, ಗ್ರಾಂನಲ್ಲಿ. 7 ಗಂಟೆ 20 ನಿಮಿಷಕ್ಕೆ ಶೇಕ್ ಕುಡಿದು ಉಳಿದದ್ದನ್ನು ಹೀಗೇ ಬಿಟ್ಟರೂ 24 ಗ್ರಾಂನ ಒಂದು ಸ್ಕೂಪ್ ಸೇರಿ 72 ಆಗುತ್ತದೆ, ಗುರಿ ಮುಟ್ಟುವುದಿಲ್ಲ.

ಬದಲಿಗೆ ಬೆಳಗಿನ ತಿಂಡಿಯಲ್ಲಿ ಒಂದು ಇಡ್ಲಿ ತೆಗೆದು ಎರಡು ಮೊಟ್ಟೆ ಸೇರಿಸಲಿ. ಮಧ್ಯಾಹ್ನ ಅನ್ನ ಕಡಿಮೆ ಮಾಡಿ 50 ಗ್ರಾಂ ಹೆಸರುಕಾಳಿನ ಉಸಲಿ ಹಾಕಿಕೊಳ್ಳಲಿ. ರಾತ್ರಿಯ ಪಲ್ಯಕ್ಕೆ 50 ಗ್ರಾಂ ಸೋಯಾ ಚಂಕ್ಸ್ ಬೀಳಲಿ. ಮೊಟ್ಟೆಯಿಂದ 12, ಕಾಳಿನಿಂದ 12, ಸೋಯಾದಿಂದ 26 ಗ್ರಾಂ ಬರುತ್ತದೆ. ತೆಗೆದ ಇಡ್ಲಿ, ಅನ್ನದ ಲೆಕ್ಕ ಕಳೆದರೂ ಒಟ್ಟು 90 ದಾಟುತ್ತದೆ. ಮೊಟ್ಟೆ ತಿನ್ನದವರು ಆ ಜಾಗಕ್ಕೆ ಪನೀರ್ ಇಟ್ಟುಕೊಳ್ಳಬಹುದು. ತಿಂಡಿ 8:15ಕ್ಕಾದರೂ ಚಿಂತೆಯಿಲ್ಲ.

ಸರಿಯಾಗಿ ಸಾಗುತ್ತಿದೆಯೇ ಎಂದು ತಿಳಿಯಲು ಟೇಪು, ನೋಟ್‌ಬುಕ್ ಸಾಕು. ಸೊಂಟದ ಸುತ್ತಳತೆ ಇಳಿಯುತ್ತಾ, ಎತ್ತುವ ಭಾರ ಮೊದಲಿನಷ್ಟೇ ಇದ್ದರೆ ಕರಗುತ್ತಿರುವುದು ಮುಖ್ಯವಾಗಿ ಕೊಬ್ಬು. ವಾರಕ್ಕೆ ಒಂದು ಕೆಜಿಗಿಂತ ಹೆಚ್ಚು ತೂಕ ಇಳಿಯುತ್ತಾ, ಭಾರ ಎತ್ತಲು ವಾರದಿಂದ ವಾರಕ್ಕೆ ಕಷ್ಟವಾಗುತ್ತಿದ್ದರೆ ಊಟದ ಕಡಿತ ಅತಿಯಾಗಿದೆ.

ಸಮಯ ನಿಜಕ್ಕೂ ಮುಖ್ಯವಾಗುವುದು ಯಾರಿಗೆ?

ರಾತ್ರಿ 9ಕ್ಕೆ ಊಟ, ಬೆಳಿಗ್ಗೆ 6ಕ್ಕೆ ಖಾಲಿ ಹೊಟ್ಟೆಯಲ್ಲಿ ಜಿಮ್, ಆಮೇಲೆ ತಿಂಡಿ ಬಿಟ್ಟು ನೇರ ಮಧ್ಯಾಹ್ನ 1ಕ್ಕೆ ಊಟ. ಹೀಗಿದ್ದರೆ 16 ಗಂಟೆ ದೇಹಕ್ಕೆ ಪ್ರೋಟೀನ್ ಇಲ್ಲ. ಇಂಥವರು ವ್ಯಾಯಾಮ ಆದ ಒಂದೆರಡು ಗಂಟೆಯೊಳಗೆ ತಿನ್ನುವುದು ಒಳ್ಳೆಯದು. ಬೆಳಿಗ್ಗೆ ಓಡಿ ಸಂಜೆ ಮತ್ತೆ ಆಡುವ ಕ್ರೀಡಾಪಟುಗಳೂ ಬೇಗ ಅನ್ನವೋ ಬಾಳೆಹಣ್ಣೋ ತಿನ್ನಬೇಕು. ಸ್ನಾಯುವಿನಲ್ಲಿ ಖಾಲಿಯಾದ ಸಕ್ಕರೆಯ ದಾಸ್ತಾನು ಸಂಜೆಯೊಳಗೆ ತುಂಬಬೇಕಲ್ಲ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳಿಗೆ. ಔಷಧಿಯೂ ಸಕ್ಕರೆ ಇಳಿಸುತ್ತದೆ, ವ್ಯಾಯಾಮವೂ ಇಳಿಸುತ್ತದೆ. ಹೊಟ್ಟೆ ಖಾಲಿ ಇದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಇವರು ಶುರು ಮಾಡುವ ಮೊದಲು ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಬೇಕು. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹೊರಡಬೇಕು. ವ್ಯಾಯಾಮದ ನಡುವೆ ಕೈ ನಡುಗಿದರೆ, ತಣ್ಣನೆ ಬೆವರು ಬಂದರೆ, ಎದೆ ಡವಗುಟ್ಟಿದರೆ ಅಥವಾ ಮಾತು ತೊದಲಿದರೆ ನಿಲ್ಲಿಸಿ, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಮಾತ್ರೆಯ ಪ್ರಮಾಣ, ಹೊತ್ತು ಬದಲಿಸುವುದು ವೈದ್ಯರ ಕೆಲಸ. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮೊದಲೂ ಅವರನ್ನೇ ಕೇಳಬೇಕು.

ಉಳಿದವರಿಗೆ ಹೊಟ್ಟೆಯೇ ಗಡಿಯಾರ. ತುಂಬಾ ಊಟ ಮಾಡಿದರೆ ಎರಡು ಮೂರು ಗಂಟೆ ಬಿಟ್ಟು ವ್ಯಾಯಾಮ ಮಾಡಿ, ಇಲ್ಲದಿದ್ದರೆ ಹುಳಿತೇಗು, ವಾಕರಿಕೆ ಕಾಡುತ್ತದೆ. ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತುವವರು ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು ತಿನ್ನಿ. ಏನೂ ಆಗದವರು ಹಾಗೇ ಹೋಗಬಹುದು.

ಆ ಫಾರ್ವರ್ಡ್ ಮತ್ತೆ ಬಂದರೆ ಉತ್ತರ ಇಷ್ಟೇ: 30 ನಿಮಿಷ ತಡವಾದರೆ ಸ್ನಾಯು ಕರಗುವುದಿಲ್ಲ, ದಿನವಿಡೀ ಪ್ರೋಟೀನ್ ಕಡಿಮೆಯಾದರೆ ಕರಗಬಹುದು. ಶುಗರ್ ಮಾತ್ರೆ ತೆಗೆದುಕೊಳ್ಳುವವರು ಆ ಗುಂಪಿನಲ್ಲಿದ್ದರೆ ಅವರಿಗೆ ಸಕ್ಕರೆ ಪರೀಕ್ಷಿಸಿಕೊಳ್ಳುವ ಮಾತನ್ನು ಮೊದಲು ಕಳಿಸಿ.