ಚೀಲದ ಮೇಲಿನ ಮೈನಸ್ 15

ಡಿಸೆಂಬರ್ ತಿಂಗಳಲ್ಲೂ ಆಂಟಾಪ್ ಹಿಲ್‌ನ ನಮ್ಮ ಮನೆಯಲ್ಲಿ ಫ್ಯಾನ್ ನಿಲ್ಲುವುದಿಲ್ಲ. ಅದರ ಕೆಳಗೇ ನನ್ನ ತಂಗಿಯ ಮಗಳು ಹೊಸ ಸ್ಲೀಪಿಂಗ್ ಬ್ಯಾಗ್ ಹಾಸಿ, ಅದರೊಳಗೆ ತೂರಿ, ಎರಡೇ ನಿಮಿಷದಲ್ಲಿ ಬೆವರು ಒರೆಸುತ್ತ ಹೊರಬಂದಳು. "ನೋಡಿ ಮಾವ, ಎಷ್ಟು ಬೆಚ್ಚಗಿದೆ! ಮೈನಸ್ 15ರ ಬ್ಯಾಗ್. ಕೇದಾರಕಂಠದ ಕ್ಯಾಂಪಿನಲ್ಲಿ ಮೈನಸ್ 8 ಇರಬಹುದು ಅಂದಿದ್ದಾರೆ. ಇನ್ನೂ ಏಳು ಡಿಗ್ರಿ ಉಳಿಯಿತು."

ಲೆಕ್ಕವೇನೋ ಸರಿ. ಆದರೆ ಚೀಲದ ಹೊರಗೆ ದಪ್ಪ ಅಕ್ಷರದಲ್ಲಿದ್ದ ಆ ಸಂಖ್ಯೆ ಯಾವುದು ಎಂದು ಅವಳು ನೋಡಿರಲಿಲ್ಲ. ಒಳಗಿನ ಹೊಲಿಗೆಯಲ್ಲಿ ಸಣ್ಣದೊಂದು ಲೇಬಲ್ ಇತ್ತು. ಕನ್ನಡಕ ಹಾಕಿಕೊಂಡು ಓದಿದೆ: ಕಂಫರ್ಟ್ 5, ಲಿಮಿಟ್ 0, ಎಕ್ಸ್‌ಟ್ರೀಮ್ ಮೈನಸ್ 15.

ಈ ಮೂರು ಸಂಖ್ಯೆಗಳು ಬರುವುದು ಒಂದು ಬೊಂಬೆಯಿಂದ. ಇಎನ್ 13537 ಎಂಬ ಯುರೋಪಿನ ಮಾನದಂಡ 2002ರಲ್ಲಿ ಬಂತು, ಈಗ ಅದರ ಜಾಗದಲ್ಲಿ ಐಎಸ್‌ಒ 23537 ಇದೆ. ಒಳಗೆ ವಿದ್ಯುತ್ತಿನಿಂದ ಬಿಸಿಯಾಗುವ ಆಳೆತ್ತರದ ಬೊಂಬೆಗೆ ಉದ್ದ ತೋಳಿನ ಒಳ ಉಡುಪು, ಕಾಲುಚೀಲ ತೊಡಿಸಿ, ಚೀಲದೊಳಗೆ ಮಲಗಿಸಿ, ಶೀತಲ ಕೋಣೆಯಲ್ಲಿಡುತ್ತಾರೆ. ಬೊಂಬೆಯ ಮೈ ಬೆಚ್ಚಗಿರಲು ಎಷ್ಟು ವಿದ್ಯುತ್ ಬೇಕಾಯಿತು ಎಂಬುದರಿಂದ ಚೀಲ ಎಷ್ಟು ಶಾಖ ತಡೆಯುತ್ತದೆಂದು ಗೊತ್ತಾಗುತ್ತದೆ. ಉಳಿದದ್ದು ಲೆಕ್ಕಾಚಾರ.

ಕಂಫರ್ಟ್ ಎಂದರೆ ಸುಮಾರು 60 ಕಿಲೋ ತೂಕದ ಹೆಂಗಸು ಮೈ ಸಡಿಲಬಿಟ್ಟು ಚಳಿಯೆನಿಸದೆ ಮಲಗಬಹುದಾದ ಕೊನೆಯ ಹಂತ. ಲಿಮಿಟ್ ಎಂದರೆ ಗಂಡಸೊಬ್ಬ ಮುದುಡಿಕೊಂಡು, ಇನ್ನೇನು ನಡುಕ ಶುರುವಾಗುತ್ತದೆ ಎಂಬಲ್ಲಿ ಹೇಗೋ ರಾತ್ರಿ ಕಳೆಯುವ ಹಂತ. ಎಕ್ಸ್‌ಟ್ರೀಮ್‌ಗೂ ನಿದ್ದೆಗೂ ಸಂಬಂಧವೇ ಇಲ್ಲ. ಆ ಚಳಿಯಲ್ಲಿ ಹೆಂಗಸೊಬ್ಬಳು ಸುಮಾರು ಆರು ಗಂಟೆ ನಡುಗುತ್ತ ಜೀವ ಉಳಿಸಿಕೊಳ್ಳಬಹುದು, ಅಷ್ಟೇ. ಆಗಲೂ ದೇಹದ ಶಾಖ ಕುಸಿಯುವ ಅಪಾಯ ಇದ್ದೇ ಇರುತ್ತದೆ, ಚಳಿ ಕಚ್ಚಿ ಬೆರಳುಗಳಿಗೆ ಹಾನಿಯೂ ಆಗಬಹುದು. ಅಂಗಡಿಯವರಿಗೆ ಈ ಮೂರರಲ್ಲಿ ಯಾವುದು ಇಷ್ಟವೆಂದು ಹೇಳಬೇಕಿಲ್ಲ.

"ಅಂದರೆ ಇದು ಮೈನಸ್ 15ರ ಬ್ಯಾಗ್ ಅಲ್ಲವಾ?" ಎಂದಳು.

"ನಿನಗೆ ಇದು 5 ಡಿಗ್ರಿಯ ಬ್ಯಾಗ್, ಮಾರಾಯ್ತಿ. ಮೈನಸ್ 8ಕ್ಕೆ ಹೋದರೆ ಏಳು ಡಿಗ್ರಿ ಉಳಿಯುವುದಲ್ಲ, 13 ಡಿಗ್ರಿ ಸಾಲ ಬೀಳುತ್ತದೆ."

ಥರ್ಮಲ್, ಜಾಕೆಟ್ ಹಾಕಿಕೊಂಡು ಮಲಗುತ್ತೇನೆ ಎಂದಳು. ಅದರಿಂದ ಕೆಲವು ಡಿಗ್ರಿ ಸಿಗುತ್ತದೆ, ನಿಜ. ಆದರೆ ಚೀಲ ಬೆಚ್ಚಗಿಡುವುದು ಅದರ ತುಂಬುಹತ್ತಿಯೊಳಗೆ ನಿಂತ ಗಾಳಿಯಿಂದ. ದಪ್ಪ ಜಾಕೆಟ್ ತೊಟ್ಟು ಒಳಗೆ ಬಿಗಿಯಾದರೆ ಆ ಹತ್ತಿಯೇ ಚಪ್ಪಟೆಯಾಗುತ್ತದೆ. ಬೆನ್ನಿನ ಕೆಳಗಂತೂ ಅದು ಯಾವಾಗಲೂ ಚಪ್ಪಟೆಯೇ. ಅದಕ್ಕೇ ಪರೀಕ್ಷೆಯಲ್ಲೂ ಬೊಂಬೆಯನ್ನು ಚಾಪೆಯ ಮೇಲೆ ಮಲಗಿಸುತ್ತಾರೆ. ಚಾಪೆಯಿಲ್ಲದಿದ್ದರೆ ಲೇಬಲ್ಲಿನ ಸಂಖ್ಯೆಗೆ ಅರ್ಥವಿಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಒಂದು ಜನವರಿಯಲ್ಲಿ ಕಳಸೂಬಾಯಿ ಹತ್ತಲೆಂದು ಹೋಗಿ, ಬುಡದ ಬಾರಿ ಗ್ರಾಮದ ಹತ್ತಿರ ಬರಿ ನೆಲಕ್ಕೆ ಚೀಲ ಹಾಸಿ ಮಲಗಿದ್ದೆ. ಎದೆಯ ಮೇಲೆ ಬೆಚ್ಚಗೆ, ಸೊಂಟದ ಕೆಳಗೆ ಮಂಜುಗಡ್ಡೆ. ರಾತ್ರಿಯಿಡೀ ದೋಸೆಯ ಹಾಗೆ ಮಗುಚಿಕೊಂಡದ್ದೇ ಆಯಿತು. ಅಲ್ಲಿ ಹಿಮವೂ ಇರಲಿಲ್ಲ.

ಕೊನೆಗೆ ಅವಳು ಕಂಫರ್ಟ್ ಮೈನಸ್ 10 ಇರುವ ಚೀಲವನ್ನು ಬಾಡಿಗೆಗೆ ತಂದಳು. ಭಾರ ಹೆಚ್ಚು, ಗೊಣಗಿದಳು. ಲೇಬಲ್ಲಿನಲ್ಲಿ ಮಾನದಂಡದ ಸಂಖ್ಯೆ ಇದೆಯೇ ಎಂದು ನೋಡಿಯೇ ತಂದಳು. ಅದಿಲ್ಲದಿದ್ದರೆ ತಯಾರಕರು ಬರೆದದ್ದೇ ವೇದವಾಕ್ಯ. ಬಾಡಿಗೆಯ ಚೀಲವಾದ್ದರಿಂದ ಇನ್ನೊಂದು ಪರೀಕ್ಷೆಯೂ ಬೇಕಿತ್ತು: ಬಿಡಿಸಿ ಒಂದು ಗಂಟೆ ಬಿಟ್ಟು ಬೆಳಕಿಗೆ ಹಿಡಿದೆವು. ತೆಳುವಾಗಿ ಬೆಳಕು ತೂರುವ ಕಡೆ ಹತ್ತಿ ಸರಿದಿದೆ ಎಂದರ್ಥ, ಲೇಬಲ್ ಹೊಸದಾಗಿದ್ದಾಗಿನ ಮಾತು. ಇದು ಚೆನ್ನಾಗಿ ಉಬ್ಬಿತು. ಜೊತೆಗೆ ಒಂದರ ಮೇಲೊಂದು ಹಾಸಲು ಎರಡು ಫೋಮ್ ಚಾಪೆ.

ತಂಗಿ ಫೋನಿನಲ್ಲಿ ಕೇಳಿದ್ದು ಒಂದೇ, "ಅಣ್ಣ, ರಾತ್ರಿ ಏನಾದರೂ ಆದರೆ?" ಮಗಳಿಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ. ನಡುಗುತ್ತಿದ್ದರೆ ಎದ್ದು ಏನಾದರೂ ತಿನ್ನಬೇಕು, ಬಿಸಿನೀರಿನ ಬಾಟಲಿ ಒಳಗಿಟ್ಟುಕೊಳ್ಳಬೇಕು, ಗೈಡನ್ನು ಎಬ್ಬಿಸಲು ಸಂಕೋಚ ಬೇಡ. ಜೊತೆಗಿದ್ದವರ ನಡುಕ ನಿಂತು ಮಾತು ತೊದಲತೊಡಗಿದರೆ ಚಳಿ ಕಡಿಮೆಯಾಯಿತೆಂದು ತಿಳಿಯಬಾರದು, ಅದು ಕೈಮೀರುತ್ತಿರುವ ಲಕ್ಷಣ.

ವಾರದ ನಂತರ ಸಾಂಕ್ರಿಗೆ ಇಳಿದು ಫೋನ್ ಮಾಡಿದಳು. ಟೆಂಟಿನೊಳಗೆ ಬಾಟಲಿಯ ನೀರು ಗಟ್ಟಿಯಾಗಿತ್ತಂತೆ, ಮೂಗು ಮಾತ್ರ ತಣ್ಣಗಿತ್ತಂತೆ. ಅವಳು ಕೊಂಡ ಚೀಲ ಈಗ ನಮ್ಮ ಮನೆಯ ಬಾಗಿಲ ಹಿಂದೆ ಸಡಿಲವಾಗಿ ತೂಗುತ್ತಿದೆ, ಮಡಚಿ ತುರುಕಿಟ್ಟರೆ ಉಬ್ಬು ಹೋಗುತ್ತದೆಂದು. ಜನವರಿಯಲ್ಲಿ ಕಳಸೂಬಾಯಿಗೆ ಅದೇ ಸಾಕು. ಈ ಸಲ ಚಾಪೆಯ ಮೇಲೆ.